ಇಪ್ಪತ್ನಾಲ್ಕನೇ ಚೀಟಿ

ಕೊಟ್ಟೂರಪ್ಪ ಕಾಗದ ಬರೆಯಲು ಕೂತನೆಂದರೆ ಮನೆಯಲ್ಲಿ ಮಿಕ್ಸಿ ಕೂಡ ಓಡುತ್ತಿರಲಿಲ್ಲ. ಆಂಧ್ರದ ಹಿಂದೂಪುರದ ಶಿವಗಂಗಾ ರೆಸಿಡೆನ್ಸಿಯಲ್ಲಿ ಇಪ್ಪತ್ನಾಲ್ಕು ಫ್ಲಾಟು. ಆ ಮನೆಗಳವರೆಲ್ಲ ಸೇರಿ ಕಟ್ಟಿಕೊಂಡ ಓನರ್ಸ್ ಅಸೋಸಿಯೇಷನ್ನಿಗೆ ಅವನು ಮೂರು ವರ್ಷದಿಂದ ಸೆಕ್ರೆಟರಿ. ಕಲ್ಯಾಣದುರ್ಗದ ಬಟ್ಟೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬಂದ ಮೇಲೆ ಅವನಿಗೆ ಒಂದು ಕೆಲಸ, ಒಂದು ಮರ್ಯಾದೆ ಅಂತ ಇದ್ದದ್ದು ಇದೇ. ಅಸೋಸಿಯೇಷನ್ನಿನ ಹೆಸರು ಅಚ್ಚು ಹಾಕಿಸಿದ ಹಾಳೆ, ಮೇಲೆ ನಂಬರು, ದಿನಾಂಕ, ಕೆಳಗೆ ದುಂಡು ಸೀಲು. ಬರೆಯುವುದು ತೆಲುಗಿನಲ್ಲಿ, ಅದೂ ಕಚೇರಿ ತೆಲುಗಿನಲ್ಲಿ. ಮನೆಯ ಮಾತು, ಅಜ್ಜ ಬೆಳಗಿನ ಜಾವ ಹೇಳಿಕೊಡುತ್ತಿದ್ದ ಪದ್ಯ, ಪೂಜೆಯ ಹೊತ್ತಿನ ವಚನ ಎಲ್ಲ ಕನ್ನಡ. ಕಚೇರಿ ಭಾಷೆಯಲ್ಲಿ ಒಂದು ಸವಲತ್ತಿತ್ತು. ಅಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲ ತಾನೇ ಮಾಡಲ್ಪಡುತ್ತದೆ.

ಆ ದಿನ ಬರೆಯಬೇಕಾಗಿದ್ದದ್ದು ಫ್ಲಾಟ್ 204ರ ರಮಾದೇವಿಗೆ ಉತ್ತರ. ರಮಾದೇವಿ ಪರಿಗಿಯ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಹಿಂದಿನ ಭಾನುವಾರ ಚೀಟಿ ಎತ್ತಿ ಕಾರು ನಿಲ್ಲಿಸುವ ಜಾಗಗಳನ್ನು ಹಂಚಿದಾಗ ಅವಳಿಗೆ ಬಂದದ್ದು ಇಪ್ಪತ್ನಾಲ್ಕನೇ ಜಾಗ. ಎಲ್ಲಕ್ಕಿಂತ ಕೊನೆಯದು, ಎಲ್ಲಕ್ಕಿಂತ ಕೆಟ್ಟದ್ದು, ಸಂಪಿನ ಪಕ್ಕದ್ದು. ಬೆಳಿಗ್ಗೆ ಮುಕ್ಕಾಲು ಎಂಟಕ್ಕೆ ನೀರಿನ ಟ್ಯಾಂಕರು ಬಂದು ಅದರ ಎದುರಿಗೇ ಅಡ್ಡ ನಿಂತರೆ, ಸಂಪು ತುಂಬಿ ಅದು ಅಲುಗುವ ಹೊತ್ತಿಗೆ ಒಂಬತ್ತಾಗುತ್ತಿತ್ತು. ಒಂಬತ್ತಕ್ಕೆ ಅವಳು ಪರಿಗಿಯ ಶಾಲೆಯಲ್ಲಿ ನಿಂತು, ಮೊಬೈಲಿಗೆ ಮುಖ ತೋರಿಸಿ ಹಾಜರಿ ಹಾಕಬೇಕು. ಐದು ದಿನದಲ್ಲಿ ಮೂರು ದಿನ ತಡವಾಗಿತ್ತು. ಹೆಡ್‌ಮಾಸ್ಟರು ಬಾಯಿಮಾತಿನಲ್ಲಿ ಎಚ್ಚರಿಸಿ, ಮುಂದಿನ ಸಲ ಮೆಮೊ ಅಂದಿದ್ದರು.

ಅವಳು ಕೂಗಾಡಿರಲಿಲ್ಲ. ಒಂದು ಪುಟದ ಕಾಗದ ಬರೆದಿದ್ದಳು. ಹಂಚಿಕೆ ಹೇಗೆ ನಡೆಯಿತೆಂದು ಲಿಖಿತವಾಗಿ ತಿಳಿಸಿ, ಎತ್ತಿದ ಚೀಟಿಗಳನ್ನು ತೋರಿಸಿ, ಇಷ್ಟೇ.

ಕೊಟ್ಟೂರಪ್ಪ ಬರೆದ. ಕೆಳಗಿನ ಪಾರ್ಕಿಂಗ್ ಜಾಗ ಯಾರ ಸ್ವಂತದ್ದೂ ಅಲ್ಲ, ಎಲ್ಲ ಓನರುಗಳಿಗೂ ಸಮನಾಗಿ ಸೇರಿದ್ದು. ಆದ್ದರಿಂದ ಸರ್ವಸದಸ್ಯರ ಸಭೆಯ ತೀರ್ಮಾನದಂತೆ ಎರಡು ವರ್ಷದ ಬಳಕೆಗಾಗಿ ಬಹಿರಂಗವಾಗಿ ಚೀಟಿ ಎತ್ತಿ ಹಂಚಲಾಗಿದೆ. ಫ್ಲಾಟ್ ನಂಬರು ಬರೆದ ಇಪ್ಪತ್ನಾಲ್ಕು ಚೀಟಿಗಳನ್ನು ಎಲ್ಲರೆದುರು ಬಿಂದಿಗೆಗೆ ಹಾಕಲಾಗಿದೆ. ಒಂದನೇ ಜಾಗದಿಂದ ಮೊದಲುಮಾಡಿ ಪ್ರತಿ ಜಾಗಕ್ಕೂ ಒಂದೊಂದು ಚೀಟಿ ಎತ್ತಿ, ಗಟ್ಟಿಯಾಗಿ ಓದಿ, ಪುಸ್ತಕದಲ್ಲಿ ಬರೆದುಕೊಳ್ಳಲಾಗಿದೆ.

ಇಲ್ಲಿಯವರೆಗೆ ಪೆನ್ನು ಸರಾಗವಾಗಿ ಬಂತು. ಮುಂದಿನ ಸಾಲಿಗೆ ನಿಂತಿತು.

ಆ ಭಾನುವಾರ ನಡೆದದ್ದು ಇಷ್ಟು. ಹಿಂದಿನ ಸಂಜೆ ಕೊಟ್ಟೂರಪ್ಪ ತಾನೇ ಚೀಟಿಗಳನ್ನು ಬರೆದು ಮಡಿಸಿ, ಇಪ್ಪತ್ನಾಲ್ಕು ಅಂತ ಎಣಿಸಿ, ಹಿತ್ತಾಳೆಯ ಹರಿವಾಣಕ್ಕೆ ಹಾಕಿ ದೇವರ ಮುಂದೆ ಇಟ್ಟಿದ್ದ. ಮೇಲೆ ಎರಡು ಬಿಲ್ವಪತ್ರೆ, ಒಂದು ಚಿಟಿಕೆ ವಿಭೂತಿ. ಅವರ ಮನೆತನದಲ್ಲಿ ಅದು ನಡೆದುಬಂದ ಪದ್ಧತಿ. ಅಣ್ಣತಮ್ಮಂದಿರು ಹೊಲ ಭಾಗ ಮಾಡಿಕೊಂಡಾಗಲೂ ಚೀಟಿ ಒಂದು ರಾತ್ರಿ ದೇವರ ಮುಂದೆ ಇದ್ದು ಬರಬೇಕು. ಮನುಷ್ಯನ ಕೈ ಬರೆದದ್ದಕ್ಕೆ ಆಮೇಲೆ ಮನುಷ್ಯ ಜವಾಬ್ದಾರನಲ್ಲ ಎಂಬ ನೆಮ್ಮದಿ. ಬೆಳಿಗ್ಗೆ ಹರಿವಾಣವನ್ನು ಹಾಗೇ ತಂದು, ಎಲ್ಲರೂ ಕೈಮುಗಿಯುತ್ತಿರುವಾಗ ಸ್ಟೀಲ್ ಬಿಂದಿಗೆಗೆ ಸುರಿದ. ಸುರಿಯುವ ಮುಂಚೆ ಎಣಿಸಲಿಲ್ಲ. ದೇವರ ಮುಂದಿಟ್ಟದ್ದನ್ನು ಮತ್ತೆ ಎಣಿಸುವುದುಂಟೆ!

ಚೀಟಿ ಎತ್ತಿದ್ದು ನಾಲ್ಕನೇ ಮಹಡಿಯ ಈರಕ್ಕ. ಎಂಬತ್ತು ದಾಟಿದ ಮುದುಕಿ, ಕಾರೂ ಇಲ್ಲ, ಪಕ್ಷವೂ ಇಲ್ಲ. ಮೂರನೇ ಜಾಗಕ್ಕೆ ಕೊಟ್ಟೂರಪ್ಪನದೇ 301 ಬಂತು, ಲಿಫ್ಟಿನ ಪಕ್ಕ. "ಮೂರನೇ ಮಹಡಿಯವ್ರಿಗೆ ಶಿವ ಮೂರೇ ಕೊಟ್ಬುಟ್ಟ ನೋಡಪ್ಪ," ಅಂತ ಯಾರೋ ನಕ್ಕರು. ಇಪ್ಪತ್ಮೂರು ಜಾಗ ಮುಗಿದು ಒಂದೇ ಉಳಿದಾಗ ಈರಕ್ಕ ಕೈಯನ್ನು ಬಿಂದಿಗೆಯ ತಳದವರೆಗೆ ಇಳಿಸಿ ಆಡಿಸಿದಳು.

"ಕೈಗೆ ಚೀಟಿ ಸಿಗ್ತಿಲ್ಲ ಕಣಪ್ಪ," ಅಂದಳು.

"ಬಿಡವ್ವ, ನಿನ್ನ ಬೆರಳಿಗೆ ಸ್ಪರ್ಶ ಎಲ್ಲೈತೆ," ಅಂದ ಅಧ್ಯಕ್ಷ ರಘುನಾಥ್. ಫ್ಲಾಟ್ 101, ಸಿಮೆಂಟು ಕಬ್ಬಿಣದ ವ್ಯಾಪಾರ, ದೊಡ್ಡ ಗಂಟಲು. "ಉಳಿದಿರೋದು ಒಂದು ಜಾಗ, ಒಂದು ಮನೆ. 204. ಎತ್ತಿದ್ರೂ ಅದೇ, ಬಿಟ್ರೂ ಅದೇ. ಇಡ್ಲಿ ತಣ್ಣಗಾಯ್ತಾವೆ, ಏಳ್ರಿ."

"ಸಾರ್, ಆ ಕೊನೇ ಚೀಟಿನೂ ಎತ್ತಿ ತೋರಿಸ್ಬಿಡಿ," ಅಂತ ರಮಾದೇವಿ ಹಿಂದಿನ ಸಾಲಿನಿಂದ ಅಂದಳು.

ಕೊಟ್ಟೂರಪ್ಪ ಅವಳ ಕಡೆ ತಿರುಗಿ, ನಗುಮುಖದಿಂದಲೇ ಹೇಳಿದ: "ದೇವರು ಕೊಟ್ಟಿದ್ದು ಕಣಮ್ಮ. ಶಿವ ಕೊಟ್ಟಿದ್ದಕ್ಕೆ ಹಿಂಗೆ ಅನುಮಾನ ಪಡಬಾರದು."

ಜನ ತಲೆದೂಗಿದರು.

ಎಲ್ಲರೂ ಇಡ್ಲಿಗೆ ಹೋದ ಮೇಲೆ ಅವನು ಬಿಂದಿಗೆಯನ್ನು ಬಗ್ಗಿಸಿ ನೋಡಿದ್ದ. ತಳದಲ್ಲಿ ಒಂದು ಬಿಲ್ವಪತ್ರೆ ಮಾತ್ರ ಇತ್ತು. ಗಾಳಿಗೆ ಹಾರಿರಬೇಕು, ಗುಡಿಸುವವರು ಗುಡಿಸಿರಬೇಕು ಅಂದುಕೊಂಡ. ಈರಕ್ಕ ಅಂದದ್ದು ಕಿವಿಯಲ್ಲಿತ್ತು. ಅಜ್ಜ ಒಂದು ಸಲ ಹೇಳಿದ ಪದ್ಯವನ್ನು ಅಕ್ಷರ ತಪ್ಪದೆ ಮರಳಿ ಒಪ್ಪಿಸುತ್ತಿದ್ದವನ ಕಿವಿ ಅದು. ಆದರೂ ಆ ಕಡೆ ಅವನು ಮನಸ್ಸನ್ನು ತಿರುಗಿಸಲಿಲ್ಲ.

ಈಗ ಕಾಗದದಲ್ಲಿ ಮುಂದಿನ ಸಾಲು ಬರೆಯಬೇಕು. ಬರೆದ: ಇಪ್ಪತ್ನಾಲ್ಕೂ ಚೀಟಿಗಳನ್ನು ಸದಸ್ಯರ ಸಮಕ್ಷಮದಲ್ಲಿ ಎತ್ತಲಾಗಿದೆ.

ಕಚೇರಿ ತೆಲುಗಿನಲ್ಲಿ ಅದು ಸುಳ್ಳಿನ ಹಾಗೆ ಕಾಣಲೇ ಇಲ್ಲ.

ಆಮೇಲೆ ಚೀಟಿಗಳ ಫೋಟೋ ಬೇಕಾಯಿತು. ಎತ್ತಿದ ಚೀಟಿಗಳನ್ನು ಹಾಕಿಟ್ಟ ಕವರಿನಲ್ಲಿದ್ದವು ಇಪ್ಪತ್ಮೂರು. ಕಾಗದದಲ್ಲಿ ಇಪ್ಪತ್ನಾಲ್ಕು ಅಂತ ಬರೆದು ಫೋಟೋದಲ್ಲಿ ಇಪ್ಪತ್ಮೂರು ತೋರಿಸಿದರೆ ನೂರು ಮಾತು ಹುಟ್ಟುತ್ತವೆ. ಹೊಸದೇನನ್ನೂ ಹುಟ್ಟಿಸುತ್ತಿಲ್ಲ, ಆದದ್ದನ್ನೇ ತೋರಿಸುತ್ತಿದ್ದೇನೆ, ಅಂತ ತನಗೆ ತಾನೇ ಹೇಳಿಕೊಂಡ. ಅದೇ ನೋಟುಪುಸ್ತಕದಿಂದ ಅದೇ ಅಳತೆಯ ಹಾಳೆ ಹರಿದು 204 ಅಂತ ಬರೆದು, ನಾಲ್ಕು ಮಡಿಕೆ ಮಡಿಸಿ, ಮತ್ತೆ ಬಿಚ್ಚಿದ. ಹೊಸದಾಗಿ ಕಾಣುತ್ತಿತ್ತು. ಬೆರಳಿಗೆ ವಿಭೂತಿ ಹಚ್ಚಿಕೊಂಡು ಅದರ ಮೇಲೆ ಸವರಿದ.

ಇಪ್ಪತ್ನಾಲ್ಕನ್ನೂ ಟೇಬಲ್ಲಿನ ಮೇಲೆ ನಾಲ್ಕು ಸಾಲಾಗಿ ಜೋಡಿಸಿ ಫೋಟೋ ತೆಗೆದ. ಕಾಗದದ ಜೊತೆಗೆ ಅಸೋಸಿಯೇಷನ್ನಿನ ವಾಟ್ಸಾಪ್ ಗ್ರೂಪಿಗೂ ಹಾಕಿದ.

ಹಾಕಿದ ಹತ್ತು ನಿಮಿಷಕ್ಕೆ ಕೈಮುಗಿದ ಗುರುತುಗಳು, ಹೆಬ್ಬೆರಳುಗಳು ಸಾಲುಗಟ್ಟಿದವು. ರಘುನಾಥ್ ಬರೆದ: "ಇಪ್ಪತ್ನಾಲ್ಕು ಚೀಟಿ ಎಣಿಸೋಕೆ ಬರದ ಟೀಚರು ಮಕ್ಕಳಿಗೆ ಏನು ಲೆಕ್ಕ ಹೇಳಿಕೊಡ್ತಾರೋ, ಪಾಪ." ಅದರ ಕೆಳಗೆ ನಗುವ ಮುಖಗಳು. ಸಂಜೆ ಹೊತ್ತಿಗೆ ರಮಾದೇವಿಯದೂ ಬಂತು, ಕೊಟ್ಟೂರಪ್ಪನೊಬ್ಬನಿಗೆ: "ಸಾರಿ ಸಾರ್. ನಿಮ್ಮಂಥವರ ಮೇಲೆ ಅನುಮಾನ ಪಟ್ಟೆ. ಮನಸ್ಸಿನಲ್ಲಿ ಇಟ್ಕೋಬೇಡಿ."

ಕೊಟ್ಟೂರಪ್ಪ ಒಂದು ಕೈಮುಗಿದ ಗುರುತು ಕಳಿಸಿದ. ಆ ದಿನ ಊಟದಲ್ಲಿ ಉಪ್ಪು ಹೆಚ್ಚಾಗಿದೆ ಅಂತ ಹೆಂಡತಿಯ ಮೇಲೆ ರೇಗಿದ. ಹೆಚ್ಚಾಗಿರಲಿಲ್ಲ.

*

ನವರಾತ್ರಿಗೆ ಎರಡು ದಿನ ಇರುವಾಗ ಹೆಂಡತಿ ಭ್ರಮರಾಂಬ ದೇವರ ಸಾಮಾನನ್ನೆಲ್ಲ ಅಡುಗೆಮನೆಗೆ ತಂದು ಹುಣಸೆಹಣ್ಣು ಹಚ್ಚಿ ತಿಕ್ಕಲು ಕೂತಳು. ಹಜಾರದಲ್ಲಿ ಪೇಪರು ಹಿಡಿದಿದ್ದ ಕೊಟ್ಟೂರಪ್ಪನನ್ನು ಕೂಗಿದಳು.

"ಏನ್ರೀ, ನಿಮ್ಮ ಚೀಟಿ ಇಲ್ಲೊಂದೈತೆ ನೋಡ್ರಿ. ದೀಪದ ತಳಕ್ಕೆ ಮೆತ್ಕೊಂಡ್ಬುಟ್ಟೈತೆ."

ಅವನು ಬಂದು ನೋಡಿದ. ದೊಡ್ಡ ಹಿತ್ತಾಳೆ ದೀಪದ ತಳದ ಕೆಳಗೆ, ಎಣ್ಣೆಯ ಜಿಡ್ಡಿನಲ್ಲಿ ಅಂಟಿ ಕಂದುಬಣ್ಣಕ್ಕೆ ತಿರುಗಿದ ಒಂದು ಮಡಿಕೆ. ಬಿಚ್ಚುವ ಅಗತ್ಯವೂ ಇರಲಿಲ್ಲ. ಎಣ್ಣೆ ಕುಡಿದ ಕಾಗದದಲ್ಲಿ ಒಳಗಿನ ಅಕ್ಷರ ಹೊರಗೇ ಕಾಣುತ್ತಿತ್ತು. 204.

ಬಿಲ್ವಪತ್ರೆ ಇಡುವಾಗ ಹರಿವಾಣದಿಂದ ಜಾರಿರಬೇಕು. ದೀಪಕ್ಕೆ ಎಣ್ಣೆ ಹಾಕಿ ಸರಿಸಿ ಇಟ್ಟವನು ಅವನೇ. ಹಾಗಾದರೆ ಆ ಭಾನುವಾರ ರಮಾದೇವಿಯ ಚೀಟಿ ಬಿಂದಿಗೆಗೆ ಬಿದ್ದೇ ಇರಲಿಲ್ಲ. ಒಂದರಿಂದ ಇಪ್ಪತ್ಮೂರರವರೆಗೆ ಯಾವ ಜಾಗವೂ ಅವಳಿಗೆ ಬರುವ ಹಾಗೇ ಇರಲಿಲ್ಲ. ಉಳಿದ ಇಪ್ಪತ್ಮೂರು ಜನ ಆಡಿದರು, ಅವಳು ನಿಂತು ನೋಡಿದಳು, ಕೊನೆಗೆ ಯಾರಿಗೂ ಬೇಡದ್ದು ಅವಳ ಪಾಲಿಗೆ ಉಳಿಯಿತು. ಅದಕ್ಕೆ ಅವನು ಶಿವನ ಹೆಸರು ಹೇಳಿದ್ದ.

"ಫೋಟೋದಾಗೆ ಇಪ್ಪತ್ನಾಲ್ಕು ಇದ್ವಲ್ರೀ?" ಭ್ರಮರಾಂಬ ಹುಣಸೆಯ ಕೈಯನ್ನು ಗಾಳಿಯಲ್ಲಿ ನಿಲ್ಲಿಸಿ ಕೇಳಿದಳು. "ನಾನೂ ಎಣಿಸ್ದೆ. ಮತ್ತೆ ಇದು ಎಲ್ಲಿಂದ ಬಂತು?"

ಅವಳು ಅವನ ಮುಖವನ್ನೇ ನೋಡಿದಳು. ಮೂವತ್ತೇಳು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಸಾಕಾಯಿತು. ತಲೆ ತಗ್ಗಿಸಿ ಮತ್ತೆ ತಿಕ್ಕತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಜೆ ಪೂಜೆಗೆ ಕೂತವನಿಗೆ ದಿನವೂ ತಾನಾಗಿ ಬರುತ್ತಿದ್ದ ಪದ್ಯ ನಡುವೆ ತಪ್ಪಿತು. ಮತ್ತೆ ಮೊದಲಿನಿಂದ ಹಿಡಿದ, ಅಲ್ಲೇ ತಪ್ಪಿತು. ತಿಕ್ಕಿದ ದೀಪ ಎಂದಿಗಿಂತ ಹೊಳೆಯುತ್ತಿತ್ತು. ಅದನ್ನು ನೋಡಲಾಗದೆ ಎದ್ದ.

ರಾಜಿ ಮಾಡಿಕೊಳ್ಳಲು ಒಂದು ದಾರಿ ಹೊಳೆಯಿತು. ತನ್ನ ಮೂರನೇ ಜಾಗವನ್ನು ರಮಾದೇವಿಗೆ ಕೊಟ್ಟು, ತಾನು ಇಪ್ಪತ್ನಾಲ್ಕಕ್ಕೆ ಹೋಗುವುದು. ನನಗೇನು, ಬೆಳಿಗ್ಗೆ ಎಲ್ಲಿಗೂ ಹೋಗುವುದಿಲ್ಲ, ನೀವು ಕೆಲಸಕ್ಕೆ ಹೋಗುವವರು ಅಂತ ಹೇಳಿದರಾಯಿತು. ದೊಡ್ಡ ಮನಸ್ಸು ಅಂತ ಜನ ಅಂದುಕೊಂಡರೂ ಅಂದುಕೊಳ್ಳಲಿ. ಆ ಯೋಚನೆ ಎಷ್ಟು ಸುಖವಾಗಿತ್ತೆಂದರೆ ಅವನು ಕೂಡಲೇ ಎದ್ದು ಎರಡನೇ ಮಹಡಿಗೆ ಇಳಿದ. 204ಕ್ಕೆ ಬೀಗ. ದಸರಾ ರಜೆಗೆ ತಾಯಿ ಮನೆಗೆ ಹೋಗಿದ್ದಾರೆ, ಕಲ್ಯಾಣದುರ್ಗಕ್ಕೆ, ಅಂತ ಪಕ್ಕದವರು ಹೇಳಿ ಮನೆಯ ಗುರುತನ್ನೂ ಕೊಟ್ಟರು.

ಫೋನಿನಲ್ಲಿ ಹೇಳಬಹುದಿತ್ತು. ನಂಬರು ತೆಗೆದ, ಒತ್ತಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದ.

*

ಪಾವಗಡದಲ್ಲಿ ಬಸ್ಸು ಬದಲಿಸಿ, ಕಂಬದೂರು ದಾಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಎಣ್ಣೆ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡಿದ್ದ. ಹುಟ್ಟಿದ ಊರಿಗೆ ಬಂದರೆ ಮೊದಲು ತಮ್ಮನ ಅಂಗಡಿಗೆ ಹೋಗಿ ಕೂರುವುದು ರೂಢಿ. ಈ ಸಲ ಅಂಗಡಿ ಬೀದಿಯನ್ನೇ ಬಿಟ್ಟು ಸುತ್ತುಹಾಕಿಕೊಂಡು ನಡೆದ.

ರಮಾದೇವಿಯ ತಾಯಿ ಪೆದ್ದಕ್ಕ ಬಾಗಿಲಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಕೊಟ್ಟೂರಪ್ಪನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರಪ್ಪ ನೀನು? ಬಟ್ಟೆ ಅಂಗಡಿ ಸೆಟ್ರ ದೊಡ್ಡ ಮಗ ಅಲ್ಲೇನು? ರಾಮ್ಮಾ, ರಾ ಇಟ್ಲಾ, ನಿಮ್ಮ ಸೆಕ್ರೆಟರಿ ಬಂದವ್ನೆ!" ಅಂತ ಒಳಗಿದ್ದ ಮಗಳನ್ನು ತೆಲುಗು ಬೆರೆಸಿ ಕೂಗಿ ಕರೆದು, ಅವನಿಗೆ ಕುರ್ಚಿ ತೋರಿಸಿದಳು. "ಕೂತ್ಕೋ. ನಿಮ್ಮಪ್ಪನ ಅಂಗಡೀಲೇ ಕಣಪ್ಪ ನನ್ನ ಮದುವೆ ಸೀರೆ ತಗಂಡಿದ್ದು. ನಾವು ಕೂಲಿ ಜನ, ಮೆಟ್ಟಿಲ ಕೆಳಗೇ ನಿಂತ್ಕಂತಿದ್ವಿ. ನಿಮ್ಮಪ್ಪ ಬಟ್ಟೆ ಅಳೆದ ಮೇಲೆ ಕೋಲು ನಮ್ಮ ಕೈಗೇ ಕೊಡ್ತಿದ್ದ. 'ನೀನೂ ಒಂದು ಸಾರಿ ಅಳಕೋ ತಾಯಿ' ಅಂತ. ಅಷ್ಟಕ್ಕೇ ನಾವು ಬೇರೆ ಅಂಗಡಿ ಮೆಟ್ಟಿಲು ಹತ್ತಲಿಲ್ಲ."

ಆ ಕೋಲು ಕೊಟ್ಟೂರಪ್ಪನಿಗೆ ನೆನಪಿತ್ತು. ಎರಡು ತುದಿಗೂ ಹಿತ್ತಾಳೆಯ ಕಟ್ಟು. ಎಷ್ಟೋ ಸಲ ಅಪ್ಪನ ಕೈಯಿಂದ ಗಿರಾಕಿಯ ಕೈಗೆ ದಾಟಿಸಿದವನೂ ಅವನೇ.

ರಮಾದೇವಿ ನೀರಿನ ಲೋಟ ಹಿಡಿದು ಬಂದಳು. "ಏನ್ಸಾರ್ ಇಷ್ಟು ದೂರ? ಟ್ಯಾಂಕರ್ ಏನಾದ್ರೂ ನನ್ನ ಕಾರಿಗೆ ತಾಗಿಸ್ಬಿಟ್ನಾ?"

"ಇಲ್ಲ ಕಣಮ್ಮ." ನೀರು ಕುಡಿದು ಲೋಟವನ್ನು ಕೈಯಲ್ಲೇ ಹಿಡಿದುಕೊಂಡ. "ಒಂದು ಮಾತು ಹೇಳೋಣ ಅಂತ. ನಾನು ಯೋಚನೆ ಮಾಡ್ದೆ. ನಿಮಗೆ ಬೆಳಿಗ್ಗೆ ಸ್ಕೂಲು. ನನ್ನ ಮೂರನೇ ಜಾಗ ನೀವು ತಗೊಳ್ಳಿ, ನಿಮ್ಮದು ನಾನು ತಗೋತೀನಿ."

ಅವಳ ಮುಖ ಅರಳಿತು. "ಅಯ್ಯೋ ಸಾರ್, ಇದಕ್ಕೆ ನೀವು ಇಲ್ಲೀತಂಕ..." ಅಂದವಳು ಅಲ್ಲೇ ನಿಂತಳು. ಲೆಕ್ಕದ ಟೀಚರು. "ಇದನ್ನ ಹೇಳಾಕೆ ಎರಡು ಬಸ್ಸು ಹತ್ತಿ ಬಂದ್ರಾ? ಯಾಕೆ ಸಾರ್?"

ಆ ಒಂದು ಅರಳಿದ ಮುಖದ ಜೊತೆಗೆ ಅವನು ಎದ್ದು ಹೋಗಬಹುದಿತ್ತು. ಬಸ್ಸಿನಲ್ಲಿ ಮೂರು ಗಂಟೆ ಅವನು ಕಟ್ಟಿಕೊಂಡು ಬಂದದ್ದು ಅದನ್ನೇ. ಜೇಬಿನ ಕವರು ಎದೆಗೆ ಒತ್ತುತ್ತಿತ್ತು. ತೆಗೆದು ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇಟ್ಟ.

"ನಿಮ್ಮ ಚೀಟಿ," ಅಂದ.

ರಮಾದೇವಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ನಂದು ಫೋಟೋದಾಗೆ ಇತ್ತಲ್ಲ?"

"ಅದು ನಾನು ಆಮೇಲೆ ಬರೆದಿದ್ದು. ಇದು ದೀಪದ ಕೆಳಗೆ ಸಿಕ್ತು. ಬಿಂದಿಗೆಗೆ ಬೀಳಲೇ ಇಲ್ಲ ಕಣಮ್ಮ. ಈರಕ್ಕ ಹೇಳಿದ್ಲು, ಕೈಗೆ ಸಿಗ್ತಿಲ್ಲ ಅಂತ. ನಾನು ಕೇಳಿಸ್ಕೊಂಡೆ. ನೋಡಲಿಲ್ಲ."

ಪೆದ್ದಕ್ಕನ ಕೈಯ ಕಡಲೆಕಾಯಿ ಸಿಪ್ಪೆ ಒಡೆಯುವ ಸದ್ದು ನಿಂತಿತು.

"ನಾನು ನಿಮಗೆ ಸಾರಿ ಅಂತ ಕಳಿಸ್ದೆ," ಅಂದಳು ರಮಾದೇವಿ, ಮೆತ್ತಗೆ. "ಅವತ್ತು ಗ್ರೂಪಿನಾಗೆ ಎಲ್ಲ ನಗ್ತಿದ್ರು. ಲೆಕ್ಕ ಬರಲ್ಲ ಅಂತ. ನನ್ನ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ ನಮ್ಮ ಅಪಾರ್ಟ್‌ಮೆಂಟಿನಾಗೇ ಇರೋದು ಸಾರ್. ಸ್ಕೂಲಿಗೂ ಹೋಯ್ತು ಆ ಮಾತು. ನಾನು ಸಾರಿ ಅಂದೆ. ನೀವು ನಮಸ್ಕಾರ ಹಾಕಿದ್ರಿ."

"ಹೂಂ."

"ಚೀಟಿ ಜಾರಿದ್ದಕ್ಕೆ ನಾನೇನೂ ಅನ್ನಲ್ಲ. ಯಾರ ಕೈಯಾಗಾದ್ರೂ ಜಾರ್ತೈತೆ."

"ಅದಕ್ಕೇ ಕಣಮ್ಮ ನನ್ನ ಜಾಗ..."

"ನಿಮ್ಮ ಜಾಗ ನನಗೆ ಬೇಡ ಸಾರ್." ಅವಳ ದನಿ ಏರಲಿಲ್ಲ, ಆದರೆ ಗಟ್ಟಿಯಾಯಿತು. "ಅದು ತಗೊಂಡ್ರೆ ನೀವು ದಾನ ಕೊಟ್ಟಂಗೆ, ನಾನು ಕೈ ಒಡ್ಡಿದಂಗೆ. ನನಗೆ ಬೇಕಾಗಿರೋದು ನನ್ನ ಚೀಟಿ ಬಿಂದಿಗೆಗೆ ಬೀಳೋದು. ಆಮೇಲೆ ಇಪ್ಪತ್ನಾಲ್ಕೇ ಬರಲಿ, ನಾನು ತುಟಿ ಬಿಚ್ಚಲ್ಲ. ಆ ಕಾಗದ ಗ್ರೂಪಿಗೆ ಹಾಕಿದ್ರಲ್ಲ, ಇದನ್ನೂ ಅಲ್ಲಿಗೇ ಹಾಕಿ. ಇಲ್ಲಿ ನಮ್ಮಮ್ಮನ ಬಾಗಿಲಾಗೆ ಹೇಳಿದ್ರೆ ಯಾರಿಗೆ ಗೊತ್ತಾಯ್ತದೆ?"

"ಊಟ ಮಾಡ್ಕೊಂಡು ಹೋಗ್ಲಿ ಬಿಡೇ," ಅಂದಳು ಪೆದ್ದಕ್ಕ. ಆಮೇಲೆ ಕೊಟ್ಟೂರಪ್ಪನ ಕಡೆ ನೋಡದೆ, ಕಡಲೆಕಾಯಿಯ ಮೊರಕ್ಕೇ ಹೇಳುವವಳಂತೆ ಅಂದಳು: "ಕೋಲು ಕೈಗೆ ಕೊಟ್ಟಿದ್ರೆ ಆಗ್ತಿತ್ತು ಕಣಪ್ಪ. ಅಷ್ಟೇ ಅವಳು ಕೇಳಿದ್ದು."

ಅವನಿಗೆ ಊಟ ಮಾಡಲಾಗಲಿಲ್ಲ. ಚೀಟಿಯನ್ನು ಮತ್ತೆ ಜೇಬಿಗಿಟ್ಟುಕೊಂಡು, ಕೈಮುಗಿದು ಎದ್ದು ಬಂದ. ಬಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಕೂತು, ನೋಟುಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಮೊದಲು ಕನ್ನಡದಲ್ಲಿ ಬರೆದ. ನಾನು ಎಣಿಸಲಿಲ್ಲ. ನಾನು ನೋಡಲಿಲ್ಲ. ಎತ್ತದ ಚೀಟಿಯನ್ನು ಎತ್ತಿದ್ದೇವೆ ಅಂತ ನಾನು ಬರೆದೆ. ಫೋಟೋದಲ್ಲಿರುವ 204 ನಾನು ಆಮೇಲೆ ಮಾಡಿದ್ದು. ಶ್ರೀಮತಿ ರಮಾದೇವಿಯವರು ಕೇಳಿದ್ದು ಸರಿಯಾಗಿತ್ತು. ಒಂದು ಮನೆಯ ಚೀಟಿ ಬಿಂದಿಗೆಯಲ್ಲಿ ಇಲ್ಲದ್ದರಿಂದ ಆ ದಿನದ ಹಂಚಿಕೆ ಇಪ್ಪತ್ನಾಲ್ಕು ಮನೆಗೂ ಊರ್ಜಿತವಲ್ಲ. ಹೊಸದಾಗಿ ಚೀಟಿ ಎತ್ತಲು ಸಭೆ ಕರೆಯುತ್ತಿದ್ದೇನೆ. ಹೊಸ ಸೆಕ್ರೆಟರಿಯನ್ನೂ ಅಲ್ಲೇ ಆರಿಸಿಕೊಳ್ಳಿ.

ತೆಲುಗಿಗೆ ತಿರುಗಿಸುವಾಗ ಎರಡು ಸಲ ಪೆನ್ನು ತಾನಾಗಿ "ಎಣಿಸಲಾಗಿಲ್ಲ" ಅಂತ ಬರೆಯಿತು. ಎರಡು ಸಲವೂ ಹೊಡೆದುಹಾಕಿ "ನಾನು" ಅಂತ ಬರೆದ. ಬಸ್ಸು ಬರುವ ಮುಂಚೆ ಅದರ ಫೋಟೋವನ್ನೂ ಎಣ್ಣೆ ಚೀಟಿಯ ಫೋಟೋವನ್ನೂ ಗ್ರೂಪಿಗೆ ಹಾಕಿ ಫೋನು ಮುಚ್ಚಿಟ್ಟ.

ಪಾವಗಡದಲ್ಲಿ ತೆಗೆದು ನೋಡಿದಾಗ ಎಲ್ಲರೂ ಓದಿದ್ದರು. ಯಾರೂ ಒಂದು ಗುರುತನ್ನೂ ಹಾಕಿರಲಿಲ್ಲ. ಆಮೇಲೆ ರಘುನಾಥನ ಫೋನು ಬಂತು.

"ಏನ್ರೀ ಕೊಟ್ಟೂರಪ್ಪ, ತಲೆ ಕೆಟ್ಟೈತಾ ನಿಮಗೆ? ನಾನು ನನ್ನ ಐದನೇ ಜಾಗದ ಗೋಡೆಗೆ ರಬ್ಬರ್ ಹೊಡೆಸಿದ್ದೀನಿ, ಮೇಲೆ ಲೈಟ್ ಹಾಕ್ಸಿದ್ದೀನಿ! ಆಕೆಗೆ ನಿಮ್ಮದು ಕೊಟ್ಟು ಸುಮ್ನಾಗ್ರಿ ಅತ್ಲಾಗೆ!"

"ಆಕೆ ಬೇಡ ಅಂದ್ಲು."

"ಬೇಡ ಅಂದ್ರೆ ಇನ್ನೂ ಒಳ್ಳೇದಾಯ್ತಲ್ರೀ!"

"ನನಗೆ ಆಗಲ್ಲ ರಘುನಾಥ್," ಅಂದ ಕೊಟ್ಟೂರಪ್ಪ. ದೇವರ ಹೆಸರು ನಾಲಿಗೆಯ ತುದಿಗೆ ಬಂತು. ಅದನ್ನು ಒಳಗೇ ಇಟ್ಟುಕೊಂಡ.

*

ನಿಯಮದ ಪ್ರಕಾರ ಹದಿನಾಲ್ಕು ದಿನ ಮುಂಚೆ ನೋಟೀಸು ಹಚ್ಚಿ ಸಭೆ ಕರೆದಾಯಿತು. ಆ ಹದಿನಾಲ್ಕು ದಿನ ಲಿಫ್ಟಿನಲ್ಲಿ ಅವನ ಜೊತೆ ಯಾರಾದರೂ ಸಿಕ್ಕರೆ ಮೊಬೈಲು ನೋಡುತ್ತಿದ್ದರು. ಒಬ್ಬರು ಮಾತ್ರ ಬಾಯಿಬಿಟ್ಟು ಕೇಳಿದರು: "ಹೋದ ವರ್ಷದ ಲಿಫ್ಟ್ ಟೆಂಡರಿನ ಕಾಗದಗಳಾದ್ರೂ ನೆಟ್ಟಗಿದ್ವಾ ಸಾರ್?" ನೆಟ್ಟಗಿದ್ದವು. ಹಾಗೆಂದು ಹೇಳಿದ. ತಾನು ಹೇಳುವುದು ನಿಜವಾಗಿದ್ದರೂ ನಿಜದ ಹಾಗೆ ಕೇಳಿಸುತ್ತಿಲ್ಲ ಅಂತ ಅವನಿಗೇ ಅನಿಸಿತು. ದೇವಸ್ಥಾನಕ್ಕೆ ಹೋಗುವಾಗ ಭ್ರಮರಾಂಬ ಲಿಫ್ಟು ಬಿಟ್ಟು ಮೆಟ್ಟಿಲಿಳಿದು ಹೋಗುತ್ತಿದ್ದಳು, ಮೊಣಕಾಲು ನೋವಿದ್ದರೂ.

ಸಭೆಯಲ್ಲಿ ಕೊಟ್ಟೂರಪ್ಪ ಎದ್ದು ನಿಂತು ಕಾಗದವನ್ನು ಓದಿದ. ಹರಿವಾಣವೂ ಇಲ್ಲ, ಬಿಲ್ವಪತ್ರೆಯೂ ಇಲ್ಲ. ಬಿಂದಿಗೆಯನ್ನು ಮೊದಲು ಬೋರಲು ಮಾಡಿ ಎಲ್ಲರಿಗೂ ತೋರಿಸಿದರು. ಪ್ರತಿ ಮನೆಯವರೂ ತಮ್ಮ ನಂಬರನ್ನು ತಾವೇ ಬರೆದು, ತಾವೇ ಮಡಿಸಿ, ಬಂದು ಹಾಕಿದರು. ಒಬ್ಬೊಬ್ಬರು ಹಾಕಿದಂತೆ ಎಲ್ಲರೂ ಸೇರಿ ಗಟ್ಟಿಯಾಗಿ ಎಣಿಸಿದರು. ರಮಾದೇವಿ ತನ್ನದನ್ನು ಹಾಕಿ ಒಂದು ಗಳಿಗೆ ಬಿಂದಿಗೆಯ ಒಳಗೆ ನೋಡಿ ಬಂದು ಕೂತಳು. ಕೊಟ್ಟೂರಪ್ಪ ತನ್ನ ಚೀಟಿ ಹಾಕಿದ್ದು ಬಿಟ್ಟರೆ ಏನನ್ನೂ ಮುಟ್ಟಲಿಲ್ಲ.

ಈರಕ್ಕ ಎತ್ತತೊಡಗಿದಳು. 301ಕ್ಕೆ ಹನ್ನೊಂದನೇ ಜಾಗ ಬಂತು. 204ಕ್ಕೆ ಹದಿನೇಳು, ಕಂಬದ ಪಕ್ಕ. ಚೆನ್ನಾಗಿಯೂ ಇಲ್ಲ, ಕೆಟ್ಟದ್ದೂ ಅಲ್ಲ. ರಮಾದೇವಿ ನಂಬರನ್ನು ಪುಸ್ತಕದಲ್ಲಿ ಬರೆಯುವುದನ್ನು ನೋಡಿದಳು, ಅಷ್ಟೇ. ಇಪ್ಪತ್ಮೂರು ಮುಗಿದಾಗ ಉಳಿದದ್ದು ಯಾರದು ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಏಳಲಿಲ್ಲ. ಈರಕ್ಕ ಕೈಯನ್ನು ತಳದವರೆಗೆ ಇಳಿಸಿ, ಆಡಿಸಿ, ಒಂದು ಮಡಿಕೆಯನ್ನು ಮೇಲೆತ್ತಿ ತೋರಿಸಿದಳು.

"ಈ ಸಲ ಸಿಕ್ತು ಕಣಪ್ಪ," ಅಂದಳು.

ಓದಿದರು. 101. ರಘುನಾಥನಿಗೆ ಇಪ್ಪತ್ನಾಲ್ಕು.

"ಇದೇನ್ರೀ ಇದು! ಬೆಳಿಗ್ಗೆ ಎಂಟೂವರೆಗೆ ನಾನು ಗೋಡೌನ್ ಬೀಗ ತೆಗೀಬೇಕು! ಟ್ಯಾಂಕರ್ ಅಡ್ಡ ನಿಂತ್ರೆ ನಾನು ಹಾರ್ಕೊಂಡು ಹೋಗ್ಲಾ?" ಅಂದ. ಹಿಂದಿನಿಂದ ಯಾರೋ, "ದೇವರು ಕೊಟ್ಟಿದ್ದು ಬಿಡ್ರಿ," ಅಂದರು. ಜನ ನಕ್ಕರು. ಕೆಲವರು ನಕ್ಕದ್ದು ರಘುನಾಥನನ್ನು ನೋಡಿ, ಕೆಲವರು ಕೊಟ್ಟೂರಪ್ಪನನ್ನು ನೋಡಿ.

ಹೊಸ ಸೆಕ್ರೆಟರಿಯಾಗಲು ಒಬ್ಬರೂ ಕೈ ಎತ್ತಲಿಲ್ಲ. ಮುಂದಿನ ಸಭೆಯವರೆಗೆ ನೀವೇ ಮುಂದುವರಿಸಿ ಅಂದರು. ಹೊಗಳಿಕೆಯಾಗಿಯೂ ಅಲ್ಲ, ಕ್ಷಮೆಯಾಗಿಯೂ ಅಲ್ಲ, ಯಾರಿಗೂ ಬೇಡದ ಕೆಲಸ ಅಂತ.

ಮೂರನೇ ದಿನ ರಘುನಾಥ್ ಮೇಲೆ ಬಂದ. "ಟ್ಯಾಂಕರಿನವನ ಹತ್ತಿರ ಮಾತಾಡ್ದೆ. ಇನ್ಮೇಲೆ ಹತ್ತು ಗಂಟೆಗೆ ಬತ್ತಾನೆ. ಒಂದು ಫೋನ್ ಕಾಲ್ ಅಷ್ಟೇ, ತಕ್ಷಣ ಒಪ್ಕೊಂಡ. ನೋಟೀಸ್ ಬರೆದು ಹಚ್ಬಿಡ್ರಿ."

ಕೊಟ್ಟೂರಪ್ಪ ಬರೆದ. ನಾಳೆಯಿಂದ ನೀರಿನ ಟ್ಯಾಂಕರ್ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತದೆ. ಒಂದೇ ಸಾಲು. ನಂಬರು, ದಿನಾಂಕ, ಸೀಲು. ಲಿಫ್ಟಿನ ಪಕ್ಕದ ಬೋರ್ಡಿಗೆ ಅಂಟಿಸುತ್ತಿರುವಾಗ ರಮಾದೇವಿ ಶಾಲೆಯಿಂದ ಬಂದಳು. ಹೆಗಲಿನ ಬ್ಯಾಗು ಸರಿಮಾಡಿಕೊಂಡು, ನಿಂತು, ಓದಿದಳು. ಒಂದೇ ಸಾಲಾದರೂ ಎರಡು ಸಲ ಓದಿದಂತಿತ್ತು.

"ಸಾರ್, ಇದು ಮೊದ್ಲೂ ಆಗ್ತಿತ್ತಾ?" ಅಂದಳು.

ಅವಳು ಬಂದು ಕಾಗದ ಕೊಟ್ಟ ದಿನವೇ ಅವನು ಒಂದು ಫೋನು ಮಾಡಬಹುದಿತ್ತು. ಅದು ಅವನಿಗೆ ಹೊಳೆದೇ ಇರಲಿಲ್ಲ. ರಘುನಾಥನ ಕಾರು ಅಲ್ಲಿ ನಿಂತಾಗ ಮೂರೇ ದಿನಕ್ಕೆ ಹೊಳೆಯಿತು, ಎಲ್ಲರಿಗೂ.

"ಆಗ್ತಿತ್ತು ಕಣಮ್ಮ," ಅಂದ.

ರಮಾದೇವಿ ತಲೆಯಾಡಿಸಿ ಲಿಫ್ಟಿನೊಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಕೊಟ್ಟೂರಪ್ಪ ನೋಟೀಸಿನ ನಾಲ್ಕನೇ ಮೂಲೆಗೆ ಟೇಪು ಹಚ್ಚಿ, ಹೆಬ್ಬೆರಳಿನಿಂದ ಒತ್ತಿ, ಅದು ಅಂಟಿದ ಮೇಲೂ ಬಹಳ ಹೊತ್ತು ಒತ್ತುತ್ತಲೇ ನಿಂತ.